ಯೀಸ್ಟ್ ಮಾಡಿದ್ದನ್ನೇ ಭಟ್ಟಿ ಕೂಡಿಸುತ್ತದೆ

ಹತ್ತನೇ ತರಗತಿಯ ಇಥೆನಾಲ್ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಬರೆಯುವ ಒಂದು ವಾಕ್ಯವಿದೆ: “ಆಲ್ಕೋಹಾಲ್ 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಆದ್ದರಿಂದ ಮೊದಲು ಆಲ್ಕೋಹಾಲ್ ಮಾತ್ರ ಆವಿಯಾಗುತ್ತದೆ.” ಈ ವಾಕ್ಯವನ್ನು ಪಾಠ ಯೋಜನೆಯಿಂದ ತೆಗೆಯಬೇಕೆಂಬುದು ನನ್ನ ಅಭಿಪ್ರಾಯ.

ಯಡ್ರಾಮಿ, ಜೇವರ್ಗಿ ಕಡೆಯ ಮಕ್ಕಳಿಗೆ ಸೇಂದಿ, ಕಳ್ಳಭಟ್ಟಿ, ಬೆಲ್ಲದ ಕೊಳೆ ಎಂಬ ಮಾತುಗಳು ಹೊಸವಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದರೂ ಆ ಮಾತುಗಳು ಉಳಿದಿವೆ. ಸೇಂದಿಗಿಂತ ಸಾರಾಯಿ ಏಕೆ ಅಷ್ಟು ಕಟುವೆಂದು ಅವರು ಕೇಳಿಯೇ ಕೇಳುತ್ತಾರೆ.

ಉತ್ತರ ಯೀಸ್ಟಿನಿಂದ ಆರಂಭವಾಗಬೇಕು. ಅದು ಸಕ್ಕರೆಯನ್ನು ಒಡೆದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಸಕ್ಕರೆ ಮುಗಿದರೆ ಕೆಲಸ ನಿಲ್ಲುತ್ತದೆ. ಬಿಯರ್ ಸುಮಾರು ಶೇ. 5ರಲ್ಲಿ ಉಳಿಯುವುದು ಹೀಗೆ. ಸಕ್ಕರೆ ಧಾರಾಳವಾಗಿದ್ದರೂ, ಆಲ್ಕೋಹಾಲ್ ಶೇ. 15ರ ಸುಮಾರಿಗೆ ಬಂದಾಗ ಅದು ಯೀಸ್ಟಿಗೇ ವಿಷವಾಗುತ್ತದೆ. ವೈನಿನ ಮಿತಿ ಇದು. ಹುದುಗುವಿಕೆಯೊಂದರಿಂದಲೇ ಶೇ. 40 ತಲುಪಲಾಗದು.

ಭಟ್ಟಿ ಇಳಿಸುವಿಕೆ ಹೊಸ ಆಲ್ಕೋಹಾಲನ್ನು ಮಾಡುವುದಿಲ್ಲ. ಇದ್ದುದನ್ನು ಕಡಿಮೆ ನೀರಿನಲ್ಲಿ ಕೂಡಿಸುತ್ತದೆ. ಶೇ. 8ರ 10 ಲೀಟರ್ ಕೊಳೆಯಲ್ಲಿ ಆಲ್ಕೋಹಾಲ್ 0.8 ಲೀಟರ್. ಈ ಮಿಶ್ರಣ ಕುದಿಯುವುದು 78ರಲ್ಲಿ ಅಲ್ಲ, ಸುಮಾರು 93–94 ಡಿಗ್ರಿಯಲ್ಲಿ. ಆವಿಯಲ್ಲಿ ಎರಡೂ ಇರುತ್ತವೆ, ಆದರೆ ಆಲ್ಕೋಹಾಲಿನ ಪಾಲು ದ್ರವದಲ್ಲಿ ಇದ್ದುದಕ್ಕಿಂತ ಹಲವು ಪಟ್ಟು ಹೆಚ್ಚು. ತಂಪುಗೊಂಡ ಮೊದಲ 2 ಲೀಟರಿನಲ್ಲಿ ಸುಮಾರು 0.65 ಲೀಟರ್ ಆಲ್ಕೋಹಾಲ್ ಬಂದಿರುತ್ತದೆ: ಅಂದರೆ ಶೇ. 33ರಷ್ಟು. ಮತ್ತೊಮ್ಮೆ ಇಳಿಸಿದರೆ ಇನ್ನೂ ಗಟ್ಟಿ. ಎಷ್ಟು ಸಲ ಇಳಿಸಿದರೂ ಶೇ. 96ರ ಸುಮಾರಿಗೆ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಆವಿ ಮತ್ತು ದ್ರವದ ಪ್ರಮಾಣ ಒಂದೇ ಆಗುತ್ತದೆ.

ಉಪ್ಪುನೀರಿನ ಪ್ರಯೋಗವನ್ನು ಇಲ್ಲಿ ಉದಾಹರಣೆಗೆ ಕೊಡುವ ರೂಢಿಯೂ ತಪ್ಪು ದಾರಿಗೆ ಎಳೆಯುತ್ತದೆ. ಉಪ್ಪು ಆವಿಯಾಗದು, ಆದ್ದರಿಂದ ಶುದ್ಧ ನೀರು ಸಿಗುತ್ತದೆ. ಮಕ್ಕಳು ಅದೇ ನಿಯಮವನ್ನು ಆಲ್ಕೋಹಾಲಿಗೂ ಹಚ್ಚುತ್ತಾರೆ. “ಭಟ್ಟಿ ಇಳಿಸಿದ್ದೆಲ್ಲ ಶುದ್ಧ” ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದ. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನರನ್ನು ಕೊಂದದ್ದು ಮೆಥನಾಲ್ ಬೆರೆತ ಮದ್ಯ. ಮೆಥನಾಲ್ 65 ಡಿಗ್ರಿಯಲ್ಲೇ ಕುದಿಯುತ್ತದೆ, ಆವಿಯೊಡನೆ ತಾನೂ ಬರುತ್ತದೆ. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಗುರುತು ಸಿಗದು.

ಶಾಲೆಯಲ್ಲಿ ಮದ್ಯ ಇಳಿಸಿ ತೋರಿಸುವುದು ಬೇಡ, ಕಾನೂನೂ ಒಪ್ಪದು. ಬೆಲ್ಲದ ನೀರಿಗೆ ಯೀಸ್ಟ್ ಹಾಕಿ, ಬರುವ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುವುದನ್ನು ತೋರಿಸಿದರೆ ಸಾಕು. ಉಳಿದದ್ದಕ್ಕೆ ಮೇಲಿನ 10 ಲೀಟರಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿ, “ಉಳಿದ 8 ಲೀಟರಿನಲ್ಲಿ ಏನಿದೆ?” ಎಂದು ಕೇಳಬೇಕು. 0.15 ಲೀಟರ್ ಆಲ್ಕೋಹಾಲ್ ಇನ್ನೂ ಇದೆ ಎಂದ ಮಗುವಿಗೆ ಪಾಠ ತಲುಪಿದೆ.