ಮಸುಕಾದ ಹಾಡಿಗೊಂದು ಪುಸ್ತಕ

ಪಣಂಬೂರಿನ ಬಂದರಿಗೆ ಸರಕು ತರುವ ಲಾರಿ ಚಾಲಕರೊಬ್ಬರು ಗೇಟಿನ ಹೊರಗೆ ಸರದಿ ಕಾಯುತ್ತ ಫೋನು ತೋರಿಸಿದರು. ಅವರ ಪಟ್ಟಿಯ ನಾಲ್ಕೈದು ಹಾಡುಗಳ ಹೆಸರು ಮಸುಕಾಗಿತ್ತು. "ಹಾಡು ಉಂಟು, ಆದರೆ ಹಾಡುವುದಿಲ್ಲ ಮಾರಾಯ್ರೆ. ಡೌನ್‌ಲೋಡ್ ಕೂಡ ಮಾಡಿಟ್ಟಿದ್ದೆ, ಅದೂ ಹೋಯಿತು" ಎಂದರು. ಆ ಎರಡನೆಯ ಮಾತಿನಲ್ಲಿ ಬಹಳ ಜನರ ತಪ್ಪು ನಂಬಿಕೆ ಇದೆ. ಆ್ಯಪ್‌ನೊಳಗೆ ಡೌನ್‌ಲೋಡ್ ಆದದ್ದು ಬೀಗ ಹಾಕಿದ ಕಡತ, ಆ ಆ್ಯಪ್ ಬಿಟ್ಟು ಬೇರೆ ಯಾವುದೂ ಅದನ್ನು ತೆರೆಯಲಾರದು. ಸ್ಪಾಟಿಫೈಯಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಂದು ಮುಖ ತೋರಿಸದಿದ್ದರೆ ಡೌನ್‌ಲೋಡ್ ಮಾಡಿದ್ದು ಯಾವುದೂ ಕೇಳುವುದಿಲ್ಲ. ಕಂಪನಿಯ ಪರವಾನಗಿ ಮುಗಿದ ಹಾಡು ನಿಮ್ಮ ಫೋನಿನಲ್ಲಿದ್ದರೂ ಮುಗಿಯಿತು.

ಮಸುಕಾಗಿ ಕಂಡರೆ ಅದೃಷ್ಟವೆಂದೇ ಹೇಳಬೇಕು. ಸ್ಪಾಟಿಫೈ ಇಂಥ ಹಾಡುಗಳನ್ನು ಸಾಮಾನ್ಯವಾಗಿ ಬಚ್ಚಿಟ್ಟೇ ಬಿಡುತ್ತದೆ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ `Show unavailable songs in playlists` ಎಂಬುದನ್ನು ಚಾಲೂ ಮಾಡಿದ ಮೇಲಷ್ಟೇ ಅವು ಬೂದುಬಣ್ಣದಲ್ಲಿ ಮೇಲೆದ್ದು ಬರುತ್ತವೆ. ಅಲ್ಲಿಯವರೆಗೆ ಪಟ್ಟಿ ಸದ್ದಿಲ್ಲದೆ ಗಿಡ್ಡವಾಗುತ್ತಿರುತ್ತದೆ. ಏನು ಹೋಯಿತೆಂದು ಗೊತ್ತಾಗುವುದು ಹಾಗಿರಲಿ, ಹೋಗಿದೆ ಎಂಬುದೇ ಗೊತ್ತಾಗುವುದಿಲ್ಲ. ಯೂಟ್ಯೂಬ್‌ನಲ್ಲಿ ಇನ್ನೂ ಕಷ್ಟ. ಹಾಕಿದವರು ಅಳಿಸಿದರೆ ಹಾಡಿನ ಹೆಸರೂ ಹೋಗಿ, ಆ ಜಾಗದಲ್ಲಿ `Deleted video` ಎಂಬ ಎರಡು ಪದ ಉಳಿಯುತ್ತದೆ.

ಕನ್ನಡಿಗರಿಗೆ ಇದರ ದೊಡ್ಡ ಅನುಭವ ಆದದ್ದು 2019ರಲ್ಲಿ. ಸ್ಪಾಟಿಫೈ ಆ ಫೆಬ್ರುವರಿಯಲ್ಲಿ ಭಾರತಕ್ಕೆ ಬಂತು. ಹಳೆಯ ಎಚ್‌ಎಂವಿ ಧ್ವನಿಮುದ್ರಣಗಳ ಒಡೆತನ ಇರುವ ಸರೆಗಮ ಕಂಪನಿ, ಪರವಾನಗಿ ಇಲ್ಲದೆ ನಮ್ಮ ಹಾಡುಗಳಿವೆ ಎಂದು ದೆಹಲಿ ಹೈಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಸ್ಪಾಟಿಫೈ ಅವನ್ನು ತೆಗೆಯಲು ಒಪ್ಪಿತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಕಾಲದ ಕನ್ನಡ ಚಿತ್ರಗೀತೆಗಳ ದೊಡ್ಡ ಪಾಲು ಈ ಭಂಡಾರದಲ್ಲೇ ಇರುವುದು. ಹೊಸ ಆ್ಯಪ್ ಎಂದು ಹುರುಪಿನಿಂದ ಪಟ್ಟಿ ಕಟ್ಟಿದವರ ಹಾಡುಗಳು ಕೆಲವೇ ವಾರಗಳಲ್ಲಿ ಹೋದವು. ಎರಡೂ ಕಂಪನಿಗಳ ಒಪ್ಪಂದವಾದದ್ದು 2020ರ ಮೇ ತಿಂಗಳಲ್ಲಿ, ಅಂದರೆ ವರ್ಷ ಕಳೆದ ಮೇಲೆ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್‌ನ ಹಿಂದಿ ಹಾಡುಗಳೂ ಇದೇ ರೀತಿ ಸ್ಪಾಟಿಫೈಯಿಂದ ಹೊರಬಿದ್ದವು.

ದೊಡ್ಡ ಕಂಪನಿಗಳ ಜಗಳ ಒಂದಲ್ಲ ಒಂದು ದಿನ ರಾಜಿಯಾಗಬಹುದು, ಏಕೆಂದರೆ ಅಲ್ಲಿ ಇಬ್ಬರಿಗೂ ದುಡ್ಡು ಬೇಕು. ನನಗೆ ಚಿಂತೆಯಿರುವುದು ನಮ್ಮ ತುಳು, ಕೊಂಕಣಿ ಹಾಡುಗಳ ಬಗ್ಗೆ. ಸಣ್ಣ ನಿರ್ಮಾಪಕರು ಹಾಡನ್ನು ಆ್ಯಪ್‌ಗಳಿಗೆ ನೇರವಾಗಿ ಕೊಡಲಾಗದು. ನಡುವೆ ಡಿಜಿಟಲ್ ವಿತರಕರೊಬ್ಬರು ಬೇಕು. ಕೆಲವು ವಿತರಕರು ವರ್ಷಕ್ಕಿಷ್ಟು ಎಂದು ಶುಲ್ಕ ತೆಗೆದುಕೊಳ್ಳುತ್ತಾರೆ, ಕಟ್ಟುವುದು ನಿಂತರೆ ಹಾಡನ್ನು ಎಲ್ಲ ಆ್ಯಪ್‌ಗಳಿಂದಲೂ ಇಳಿಸುತ್ತಾರೆ. ಕ್ಯಾಸೆಟ್ ಕಾಲದ ಭಕ್ತಿಗೀತೆಯನ್ನೋ ನಾಟಕದ ಹಾಡನ್ನೋ ಪ್ರೀತಿಯಿಂದ ಏರಿಸಿದವರು ತೀರಿಕೊಂಡರೆ, ಅವರ ಕಾರ್ಡಿನ ಅವಧಿ ಮುಗಿದರೆ, ಹಾಡು ಮಸುಕಾಗುತ್ತದೆ. ಅದಕ್ಕೆ ಕೋರ್ಟೂ ಇಲ್ಲ, ಸುದ್ದಿಯೂ ಇಲ್ಲ.

ಮಸುಕಾದ ಹಾಡು ಕಂಡಾಗ ಮೊದಲು ಮಾಡಬೇಕಾದದ್ದು ಅದೇ ಆ್ಯಪ್‌ನಲ್ಲಿ ಮತ್ತೆ ಹುಡುಕುವುದು. ಅದೇ ಗಾಯಕರು, ಅದೇ ನಿಮಿಷ-ಸೆಕೆಂಡು, ಆದರೆ ಬೇರೆ ಮುಖಚಿತ್ರದಲ್ಲಿ ಸಿಕ್ಕರೆ ಹಾಡು ಎಲ್ಲಿಯೂ ಹೋಗಿಲ್ಲ, ವಿತರಕರು ಬದಲಾಗಿ ಹೊಸದಾಗಿ ಏರಿದೆ ಎಂದರ್ಥ. ಸಿಗದಿದ್ದರೆ ಗಲ್ಫ್‌ನಲ್ಲಿರುವ ಮಗನಿಗೋ ತಮ್ಮನಿಗೋ ಕೊಂಡಿ ಕಳಿಸಿ. ನಮ್ಮ ಕಡೆ ಅಂಥವರೊಬ್ಬರು ಇಲ್ಲದ ಮನೆ ಕಡಿಮೆ. ಅಲ್ಲಿ ಹಾಡಿದರೆ ಹೋದದ್ದು ಭಾರತದ ಹಕ್ಕು ಮಾತ್ರ. ಎರಡು ಕಡೆಯೂ ಇಲ್ಲವೆಂದಾದರೆ ಅದನ್ನು ಕಳೆದದ್ದರ ಲೆಕ್ಕಕ್ಕೆ ಬರೆಯಬೇಕು.

ಆದರೆ ಏನೆಂದು ಬರೆಯುವುದು? ಬರೀ ಹಾಡಿನ ಮೊದಲ ಸಾಲು ಸಾಲದು. 1974ರ 'ಎರಡು ಕನಸು' ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ಪೂಜೆಯ ಹಾಡನ್ನೇ ನೋಡಿ. ಎಷ್ಟೋ ಜನ ಅದನ್ನು ವೇದಿಕೆಯಲ್ಲಿ, ಟಿವಿಯಲ್ಲಿ ಮತ್ತೆ ಹಾಡಿದ್ದಾರೆ, ಕೊಳಲಿನಲ್ಲಿ ನುಡಿಸಿದ್ದಾರೆ. ಮೊದಲ ಸಾಲು ಕೊಟ್ಟು ಹುಡುಕಿದರೆ ಇವೆಲ್ಲ ಒಟ್ಟಿಗೆ ಬರುತ್ತವೆ. ಆ್ಯಪ್ ತೋರಿಸುವ ವರ್ಷವನ್ನೂ ನಂಬುವಂತಿಲ್ಲ. ಹಳೆಯ ಹಾಡನ್ನು ಯಾವುದೋ ಸಂಕಲನದಲ್ಲಿ ಸೇರಿಸಿದ ವರ್ಷವೇ ಅಲ್ಲಿ ಹಾಡಿನ ವರ್ಷವಾಗಿ ಕೂತಿರುತ್ತದೆ. ಕಲಾವಿದರ ಜಾಗದಲ್ಲಿ ಒಮ್ಮೆ ಗಾಯಕರು, ಇನ್ನೊಮ್ಮೆ ಸಂಗೀತ ನಿರ್ದೇಶಕರು. ಪಿ.ಬಿ. ಶ್ರೀನಿವಾಸ್ ಅವರ ಹೆಸರು ಇಂಗ್ಲಿಷಿನಲ್ಲಿ `Srinivas`, `Sreenivas`, `Sreenivos` ಎಂದು ಮೂರು ಬಗೆಯಲ್ಲಿ ಸಿಗುತ್ತದೆ, ಒಂದರಲ್ಲಿ ಹುಡುಕಿದರೆ ಇನ್ನೊಂದು ತಪ್ಪುತ್ತದೆ. ಹಾಗಾಗಿ ಬರೆದಿಡಬೇಕಾದದ್ದು ಆ ನಿರ್ದಿಷ್ಟ ಧ್ವನಿಮುದ್ರಣದ ಗುರುತು: ಚಿತ್ರ ಅಥವಾ ಕ್ಯಾಸೆಟ್ಟಿನ ಹೆಸರು, ಅದು ಬಂದ ವರ್ಷ, ಗಾಯಕರು, ಸಂಗೀತ, ಸಾಹಿತ್ಯ, ಹೊರತಂದ ಕಂಪನಿ, ಹಾಡಿನ ಉದ್ದ, ಮತ್ತು ಆ್ಯಪ್‌ನಲ್ಲಿದ್ದ ಹೆಸರು ಇದ್ದ ಹಾಗೆಯೇ. ಇವುಗಳಲ್ಲಿ ಉದ್ದವನ್ನು ಬಿಡಬೇಡಿ. ಸಿನಿಮಾದಲ್ಲಿ ಕತ್ತರಿಸಿದ ಹಾಡಿಗೂ ರೆಕಾರ್ಡಿನ ಪೂರ್ತಿ ಹಾಡಿಗೂ ಇರುವ ಫರಕು ಅದರಿಂದಲೇ ಗೊತ್ತಾಗುತ್ತದೆ.

ಇದನ್ನು ಕೈಯಲ್ಲೇ ಬರೆಯಬೇಕೆಂದೇನಿಲ್ಲ. ಸ್ಪಾಟಿಫೈ ಖಾತೆಯ ಗೌಪ್ಯತೆ ಪುಟದಲ್ಲಿ ನನ್ನ ದತ್ತಾಂಶ ಕೊಡಿ ಎಂದು ಕೇಳಿದರೆ ಕೆಲವು ದಿನಗಳಲ್ಲಿ ಒಂದು ಕಡತ ಬರುತ್ತದೆ. ಅದರಲ್ಲಿ ಪಟ್ಟಿಯ ಪ್ರತಿ ಹಾಡಿನ ಹೆಸರು, ಕಲಾವಿದರು, ಆಲ್ಬಮ್, ನೀವು ಸೇರಿಸಿದ ದಿನಾಂಕ ಇರುತ್ತದೆ. ಯೂಟ್ಯೂಬ್ ಪಟ್ಟಿಗಳಿಗೆ ಗೂಗಲ್‌ನ ಟೇಕೌಟ್ ಸೌಲಭ್ಯವಿದೆ, ಆದರೆ ಅದನ್ನು ನಂಬಿ ಕೂತರೆ ಕೆಟ್ಟಿರಿ. ಅದು ಕೊಡುವ ಪಟ್ಟಿಯಲ್ಲಿ ಹಾಡಿನ ಹೆಸರು ಇರುವುದಿಲ್ಲ, 11 ಅಕ್ಷರಗಳ ವಿಡಿಯೊ ಗುರುತು ಮತ್ತು ಸೇರಿಸಿದ ದಿನಾಂಕ ಮಾತ್ರ. ವಿಡಿಯೊ ಇರುವಷ್ಟು ದಿನ ಆ ಗುರುತಿನಿಂದ ಹೆಸರು ಸಿಗುತ್ತದೆ, ಅಳಿಸಿದ ಮೇಲೆ ಅದು ಯಾವ ಹಾಡು ಎಂದು ಹೇಳುವವರೇ ಇಲ್ಲ. ಹಾಗಾಗಿ ಯೂಟ್ಯೂಬ್ ಹಾಡಿಗೆ ಪುಸ್ತಕವೇ ಗಟ್ಟಿ, ಅದೂ ಹಾಡು ಹೋದ ದಿನವಲ್ಲ, ಪಟ್ಟಿಗೆ ಸೇರಿಸಿದ ದಿನವೇ ಬರೆದರೆ.

ಹೀಗೆ ಬರೆದಿಟ್ಟರೆ ಹಾಡು ವಾಪಸು ಬರುತ್ತದೆಯೇ? ತಾನಾಗಿ ಬರುವುದಿಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಂದರೆ 1974ರ ಹಾಡಿನ ಹಕ್ಕು 2034ರ ಕೊನೆಯವರೆಗೂ ಅದರ ಒಡೆಯರದೇ. ಅಲ್ಲಿಯವರೆಗೆ ಅವರನ್ನು ಕೇಳಬೇಕು, ಇಲ್ಲವೇ ಹಳೆಯ ರೆಕಾರ್ಡು, ಕ್ಯಾಸೆಟ್ಟು, ಸಿ.ಡಿ. ಹುಡುಕಿ ಕೊಳ್ಳಬೇಕು. ಕೇಳುವುದಕ್ಕಾಗಲಿ ಹುಡುಕುವುದಕ್ಕಾಗಲಿ ಕಂಪನಿಯ ಹೆಸರು, ಕ್ಯಾಸೆಟ್ಟಿನ ಹೆಸರು ಗೊತ್ತಿರಬೇಕಲ್ಲ!

ಪಣಂಬೂರು, ಬೈಕಂಪಾಡಿ, ಸುರತ್ಕಲ್ ಕಡೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲೆ ಹಳೆಯ ತುಳು ಕ್ಯಾಸೆಟ್ಟುಗಳಿದ್ದರೆ, ಟೇಪು ಬೂಸಲು ಹಿಡಿದಿದ್ದರೂ ಸರಿ, ಡಬ್ಬಿಯೊಳಗಿನ ಕಾಗದವನ್ನು ಎಸೆಯಬೇಡಿ. ಗಾಯಕರು, ಬರೆದವರು, ಸ್ಟುಡಿಯೊ, ವರ್ಷ ಎಲ್ಲ ಅಚ್ಚಾಗಿರುವುದು ಅದರಲ್ಲಿ ಮಾತ್ರ. ಎರಡೂ ಬದಿಯ ಫೋಟೊ ತೆಗೆದು, ಫೈಲಿಗೆ ಕ್ಯಾಸೆಟ್ಟಿನ ಹೆಸರಿಟ್ಟು, ಮನೆಯ ಇಬ್ಬರ ಫೋನಿನಲ್ಲಾದರೂ ಇಡಿ.