ಮೊದಲು ಗಡಿಯಾರ ನೋಡಿ, ಆಮೇಲೆ ಅಮ್ಮಿಗೆ ಫೋನ್ ಮಾಡಿ

ನನ್ನ ತಮ್ಮ ಆರನೇ ತರಗತಿಯಲ್ಲಿ ಓದುತ್ತಾನೆ. ಅವನಿಗೆ ಮೂರ್ಛೆ ರೋಗವಿದೆ. ಮನೆಯಲ್ಲಿ ನಾವು ಅದನ್ನು ಮಿರ್ಗಿ ಅನ್ನುತ್ತೇವೆ, ಶಾಲೆಯಲ್ಲಿ ಎಲ್ಲರೂ ಫಿಟ್ಸ್ ಅನ್ನುತ್ತಾರೆ. ಅವನ ಶಾಲೆಯ ಸ್ಟಾಫ್ ರೂಮಿನಲ್ಲಿ ಹೋದ ವರ್ಷ ಒಂದು ಚೀಟಿ ಅಂಟಿಸಿದ್ದರು: ‘ಈ ವಿದ್ಯಾರ್ಥಿಗೆ ಫಿಟ್ಸ್ ಬಂದರೆ ಕೂಡಲೇ ಪೋಷಕರಿಗೆ ತಿಳಿಸುವುದು.’ ಕೆಳಗೆ ಅಮ್ಮಿಯ ನಂಬರ್. ಅಷ್ಟೇ. ಈ ಒಂದು ಸಾಲು ತಪ್ಪು ಎಂಬುದೇ ನನ್ನ ಲೇಖನದ ವಾದ.

ಜುಲೈ ತಿಂಗಳಲ್ಲಿ ಎರಡನೇ ಪೀರಿಯಡ್‌ನಲ್ಲಿ ಅವನು ಬೆಂಚಿನಿಂದ ಕೆಳಗೆ ಬಿದ್ದ. ಚೀಟಿಯಲ್ಲಿದ್ದಂತೆ ಅಮ್ಮಿಗೆ ಫೋನ್ ಹೋಯಿತು. ಅಮ್ಮಿ ಆಟೋ ಹಿಡಿದು ತಲುಪುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಅಷ್ಟರೊಳಗೆ ಇಬ್ಬರು ಅವನ ಕೈಕಾಲು ಒತ್ತಿ ಹಿಡಿದಿದ್ದರು, ಒಬ್ಬರು ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ಇಟ್ಟಿದ್ದರು, ಇನ್ನೊಬ್ಬರು ನಾಲಿಗೆ ಕಚ್ಚಿಕೊಳ್ಳಬಾರದೆಂದು ಹಲ್ಲಿನ ನಡುವೆ ಸ್ಟೀಲ್ ಚಮಚ ತೂರಿಸಿದ್ದರು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ನಿಮಿಷ ಇತ್ತು?’ ಹತ್ತು ಜನ ನೋಡಿದ್ದರು, ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ಎರಡು ಅಂದರು, ಒಬ್ಬರು ಹದಿನೈದು ಅಂದರು. ನಾನು ಕಾಮರ್ಸ್ ಹುಡುಗಿ. ಆ ಹೊತ್ತಿನಲ್ಲೇ ಬರೆಯದ ಎಂಟ್ರಿಯನ್ನು ಆಮೇಲೆ ಅಂದಾಜಿನಲ್ಲಿ ತುಂಬಿದರೆ ಲೆಕ್ಕ ಏನಾಗುತ್ತದೆ ಎಂದು ನಮಗೆ ಗೊತ್ತು.

ನಿಮಿಷ ಯಾಕೆ ಅಷ್ಟು ಮುಖ್ಯ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಮೈಯೆಲ್ಲ ಬಿಗಿದು ನಡುಗುವ ಫಿಟ್ಸ್ ಬಹಳಷ್ಟು ಸಲ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಐದು ನಿಮಿಷ ದಾಟಿತೆಂದರೆ ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ, ಔಷಧಿ ಬೇಕು. ಅರ್ಧ ಗಂಟೆ ಹಾಗೇ ಮುಂದುವರಿದರೆ ಮೆದುಳಿಗೇ ಪೆಟ್ಟಾಗಬಹುದು. 2015ರಲ್ಲಿ ಈ ರೋಗದ ತಜ್ಞರ ಅಂತಾರಾಷ್ಟ್ರೀಯ ಸಂಘಟನೆ ಇಟ್ಟ ಗೆರೆಯೂ ಇದೇ ಐದು ನಿಮಿಷ. ಹಾಗಾಗಿ ಆಂಬುಲೆನ್ಸ್ ಬೇಕೋ ಬೇಡವೋ ಎಂದು ಹೇಳುವುದು ಅಮ್ಮಿಯಲ್ಲ, ಗೋಡೆಯ ಗಡಿಯಾರ.

ಬೀಗದ ಕೈ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂದು ನಮ್ಮ ನಾನಿಯೂ ನಂಬಿದ್ದರು. ನಿಲ್ಲುವುದನ್ನು ಕಣ್ಣಾರೆ ನೋಡಿದ್ದೇನೆ ಅನ್ನುತ್ತಿದ್ದರು. ನೋಡಿರುತ್ತಾರೆ. ಗಾಬರಿಯಲ್ಲಿ ಬೀಗದ ಕೈ ಹುಡುಕಿ ತರಲು ಎರಡು ನಿಮಿಷ ಬೇಕು, ಫಿಟ್ಸ್ ತಾನಾಗಿ ನಿಲ್ಲಲೂ ಸುಮಾರು ಅಷ್ಟೇ ಹೊತ್ತು ಬೇಕು. ಹೆಸರು ಬೀಗದ ಕೈಗೆ ಬಂತು. ಈರುಳ್ಳಿ, ಚಪ್ಪಲಿಯ ಕಥೆಯೂ ಇದೇ.

ಆ ಚೀಟಿಯ ಬದಲು ನಾನು ಹೊಸದೊಂದು ಬರೆದೆ. ಡಾಕ್ಟರ್ ತಿದ್ದಿ ಸಹಿ ಹಾಕಿದರು. ಅದರಲ್ಲಿರುವುದು ಇಷ್ಟು: ‘ಬಿದ್ದ ಕೂಡಲೇ ಸಮಯ ನೋಡಿ, ಅಂಗೈ ಮೇಲಾದರೂ ಬರೆದುಕೊಳ್ಳಿ. ಬೆಂಚು, ಬ್ಯಾಗು ದೂರ ಸರಿಸಿ. ಕನ್ನಡಕ ತೆಗೆದು, ಟೈ ಸಡಿಲಿಸಿ, ತಲೆಯ ಕೆಳಗೆ ಸ್ವೆಟರ್ ಇಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಏನೂ ಇಡಬೇಡಿ, ನೀರೂ ಬೇಡ. ನಡುಕ ನಿಂತ ಕೂಡಲೇ ಮಗ್ಗುಲಾಗಿ ಮಲಗಿಸಿ, ಜೊಲ್ಲು ಹೊರಗೆ ಹೋಗಲಿ. ಪೂರ್ತಿ ಎಚ್ಚರವಾಗುವ ತನಕ ಒಬ್ಬರು ಪಕ್ಕದಲ್ಲೇ ಇರಿ.’

ಚಮಚದ ವಿಷಯದಲ್ಲಿ ಶಿಕ್ಷಕರು ಬಹಳ ವಾದ ಮಾಡಿದರು. ನಾಲಿಗೆ ಒಳಗೆ ನುಂಗಿಬಿಟ್ಟರೆ? ನಾಲಿಗೆಯನ್ನು ನುಂಗಲು ಆಗುವುದಿಲ್ಲ. ಅಂಚು ಕಚ್ಚಿಕೊಂಡರೆ ಕೆಲವು ದಿನದಲ್ಲಿ ಮಾಯುತ್ತದೆ. ಮುರಿದ ಹಲ್ಲು ಶ್ವಾಸನಾಳಕ್ಕೆ ಇಳಿದರೆ ಅದು ಬೇರೆಯೇ ಗಂಡಾಂತರ.

ಆಂಬುಲೆನ್ಸ್ ಭಾಗವನ್ನು ದಪ್ಪ ಅಕ್ಷರದಲ್ಲಿ ಬೇರೆಯಾಗಿ ಹಾಕಿದ್ದೇನೆ. ಐದು ನಿಮಿಷಕ್ಕೂ ನಿಲ್ಲದಿದ್ದರೆ 108. ಒಂದು ನಿಂತು, ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾದರೆ 108. ಬೀಳುವಾಗ ತಲೆಗೆ ಜೋರಾಗಿ ಪೆಟ್ಟಾಗಿದ್ದರೆ 108. ನಡುಗುವಾಗ ತುಟಿ ಸ್ವಲ್ಪ ನೀಲಿಯಾಗುವುದುಂಟು, ಆದರೆ ನಡುಕ ನಿಂತ ಮೇಲೂ ಉಸಿರು ಸರಿಯಾಗದಿದ್ದರೆ ಆಗಲೂ 108. ಫೋನಿನಲ್ಲಿ ‘ಹುಡುಗನಿಗೆ ಹುಷಾರಿಲ್ಲ’ ಎನ್ನಬಾರದು. ‘ಹನ್ನೊಂದು ವರ್ಷದ ಹುಡುಗ, ಫಿಟ್ಸ್ ಶುರುವಾಗಿ ಐದು ನಿಮಿಷ ಆಯಿತು, ನಿಂತಿಲ್ಲ’ ಎಂದು ಹೇಳಿ, ಶಾಲೆಯ ಗುರುತು ಹೇಳಿ, ಒಬ್ಬರನ್ನು ಗೇಟಿಗೆ ಕಳಿಸಬೇಕು. ಅಮ್ಮಿಗೆ ಫೋನ್ ಇದೆಲ್ಲ ಆದ ಮೇಲೆ, ಅಥವಾ ಬೇರೆಯವರು ಮಾಡಲಿ.

ಮೊದಲ ಕರಡಿನಲ್ಲಿ ನಾನು ‘ಬಿದ್ದ ಕೂಡಲೇ 108’ ಎಂದೇ ಬರೆದಿದ್ದೆ. ಡಾಕ್ಟರ್ ಹೊಡೆದು ಹಾಕಿದರು. ರೋಗ ಇದೆಯೆಂದು ಗೊತ್ತಿರುವ ಹುಡುಗನನ್ನು ಎರಡು ನಿಮಿಷದ ಫಿಟ್ಸ್‌ಗೆಲ್ಲ ಆಸ್ಪತ್ರೆಗೆ ಒಯ್ದರೆ ಅವನು ಶಾಲೆಯನ್ನೇ ಬಿಡುತ್ತಾನೆ ಎಂದರು. ಆದರೆ ಇದುವರೆಗೆ ಫಿಟ್ಸ್ ಬಂದೇ ಇಲ್ಲದ ಮಗುವಿಗೆ ಮೊದಲ ಸಲ ಬಂದರೆ ಐದು ನಿಮಿಷ ಕಾಯುವ ಮಾತೇ ಇಲ್ಲ, ಕೂಡಲೇ ಕರೆಯಬೇಕು. ಈ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ.

ಡಾಕ್ಟರ್ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇಯನ್ನೂ ಬರೆದುಕೊಟ್ಟರು. ಐದು ನಿಮಿಷಕ್ಕೆ ಎಷ್ಟು ಸಲ ಒತ್ತಬೇಕೆಂದು ಅವನ ತೂಕ ನೋಡಿ ಅವರೇ ಚೀಟಿಯಲ್ಲಿ ಬರೆದಿದ್ದಾರೆ. ಬೇರೆ ಮಗುವಿಗೆ ಅದೇ ಲೆಕ್ಕ ನಡೆಯದು. ಶಾಲೆಯವರು ಅದನ್ನು ಜೋಪಾನವಾಗಿ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಕ್ಲರ್ಕ್ ಜೇಬಿನಲ್ಲಿ, ಕ್ಲರ್ಕ್ ಬ್ಯಾಂಕಿನಲ್ಲಿ. ಈಗ ಅದು ಸ್ಟಾಫ್ ರೂಮಿನ ತೆರೆದ ಕಪಾಟಿನಲ್ಲಿದೆ, ಎಕ್ಸ್‌ಪೈರಿ ತಿಂಗಳನ್ನು ನಾನು ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ರಮ್ಜಾನಿನಲ್ಲಿ ಮತ್ತೆ ಬಂತು. ಅವನು ರೋಜಾ ಇರಲಿಲ್ಲ, ಆದರೆ ಮನೆಯವರ ಜೊತೆ ಸೆಹ್ರಿಗೆ ಎದ್ದು ಕೂತಿದ್ದ. ನಿದ್ದೆ ಕೆಟ್ಟರೆ ಅವನಿಗೆ ಬರುತ್ತದೆ. ಈ ಸಲ ಕನ್ನಡ ಮೇಡಂ ಮೊದಲು ವಾಚ್ ನೋಡಿದರು. 11.20ಕ್ಕೆ ಶುರು, 11.22 ದಾಟಿದಾಗ ನಿಂತಿತು. ಮಕ್ಕಳನ್ನು ವರಾಂಡಾಕ್ಕೆ ಕಳಿಸಿದರು. ಚಡ್ಡಿ ಒದ್ದೆಯಾಗಿತ್ತು, ತಮ್ಮ ಶಾಲನ್ನೇ ಹೊದಿಸಿದರು. ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲಿ ಕೂತರು. ಅವನು ಅರ್ಧ ಗಂಟೆ ಮಲಗಿ ಎದ್ದ. ಆಂಬುಲೆನ್ಸ್ ಬೇಕಾಗಲಿಲ್ಲ. ಅಮ್ಮಿಗೆ ಫೋನ್ ಬಂದಾಗ ಮೇಡಂ ಹೇಳಿದ್ದು, ‘ಎರಡು ನಿಮಿಷ ಹತ್ತು ಸೆಕೆಂಡ್ ಇತ್ತು, ಈಗ ಮಲಗಿದ್ದಾನೆ, ನಿಧಾನಕ್ಕೆ ಬನ್ನಿ.’

ಚೀಟಿಯನ್ನು ಕ್ಲಾಸಿನ ಗೋಡೆಗೆ ಅಂಟಿಸಬಾರದು ಎಂದು ಹೆಡ್ ಮೇಡಂ ಹೇಳಿದ್ದು ನನಗೆ ಸರಿ ಎನಿಸಿತು. ಆದರೆ ಸ್ಟಾಫ್ ರೂಮಿನಲ್ಲಿ ಮಾತ್ರ ಇದ್ದರೆ ಬದಲಿಗೆ ಬಂದ ಶಿಕ್ಷಕರಿಗೆ ಗೊತ್ತಾಗುವುದಿಲ್ಲ. ಈಗ ಒಂದು ಪ್ರತಿ ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿದೆ, ಯಾರು ಕ್ಲಾಸಿಗೆ ಬಂದರೂ ಅದನ್ನು ತೆರೆಯಲೇಬೇಕು.

ನಮ್ಮ ಕಾಲೇಜಿನ ಅಡ್ಮಿಷನ್ ಫಾರಂನಲ್ಲಿ ರಕ್ತದ ಗುಂಪು ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. ಬರುವ ಜೂನ್‌ನಿಂದ ಒಂದು ಸಾಲು ಸೇರಿಸಿ, ಹೌದು ಎಂದವರಿಗೆ ಇಂಥದೊಂದು ಹಾಳೆ ಕೊಟ್ಟು ಅವರ ಡಾಕ್ಟರಿಂದಲೇ ತುಂಬಿಸಿ ತರಲು ಹೇಳಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಳ್ಳುತ್ತೇನೆ. ಎಲ್ಲರ ಫಿಟ್ಸ್ ಒಂದೇ ಬಗೆಯಲ್ಲ. ಕೆಲವರು ಬೀಳುವುದೇ ಇಲ್ಲ, ಕೆಲವು ಸೆಕೆಂಡ್ ಸುಮ್ಮನೆ ದಿಟ್ಟಿಸುತ್ತಾರೆ ಅಷ್ಟೇ. ನನ್ನ ತಮ್ಮನ ಹಾಳೆಯನ್ನೇ ಜೆರಾಕ್ಸ್ ಮಾಡಿದರೆ ಆಗದು.

ಹಾಳೆಯ ಕೊನೆಗೆ ಅವನು ತಾನೇ ಒಂದು ಸಾಲು ಬರೆಸಿದ. ‘ಆಪಾ, ಇದನ್ನೂ ಹಾಕು’ ಅಂದ. ಅದು ಹೀಗಿದೆ: ‘ಎದ್ದ ಮೇಲೆ ನನ್ನ ಹೆಸರು ಏನು ಎಂದು ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಕೇಳಬೇಡಿ. ಒಬ್ಬರು ಕೇಳಿದರೆ ಸಾಕು.’