ವಾಡೆ ಉಳಿಸಿದವನಿಗೆ ಕೊಟ್ಟಿದ್ದೇನು?

ಕನ್ನಡದ ಯುವಕ ಯುವತಿಯರೇ,

ರಾಯಚೂರಿನ ಹಳೇ ಓಣಿಗಳಲ್ಲಿ, ದೇವದುರ್ಗದಲ್ಲಿ, ಮಾನ್ವಿಯಲ್ಲಿ ಕಲ್ಲು ಮಣ್ಣಿನ ಗೋಡೆ, ಸಾಗವಾನಿ ತೊಲೆ, ಮಣ್ಣಿನ ಮಾಳಿಗೆಯ ವಾಡೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ನಿಜಾಮರ ಕಾಲದಲ್ಲಿ ಕಚೇರಿಯಲ್ಲೆಲ್ಲ ಉರ್ದು ಇದ್ದಾಗ ಕನ್ನಡ ಬದುಕಿದ್ದು ಇಂಥ ಮನೆಗಳ ಪಡಸಾಲೆಯಲ್ಲಿ. ಕೆಡವಿದ ಯಜಮಾನನನ್ನು ಬೈಯುವುದು ಸುಲಭ. ಉಳಿಸಿಕೊಂಡವನಿಗೆ ಸರ್ಕಾರ ಏನು ಕೊಟ್ಟಿದೆ ಎಂದು ಕೇಳಿದ್ದೀರಾ?

ಇದಕ್ಕೆ ಜಗತ್ತು ಕಂಡುಕೊಂಡ ದಾರಿಗಳು ಎರಡು. ಒಂದು, ಅಭಿವೃದ್ಧಿ ಹಕ್ಕಿನ ವರ್ಗಾವಣೆ, ಅಂದರೆ ಟಿ.ಡಿ.ಆರ್. ಇನ್ನೊಂದು, ತೆರಿಗೆ ವಿನಾಯಿತಿ.

ಟಿ.ಡಿ.ಆರ್. ಎಂದರೆ ಇಷ್ಟೇ. ದೇವದುರ್ಗದಲ್ಲಿ 4,000 ಚದರಡಿ ಜಾಗದ ಮೇಲೆ ಒಂದು ವಾಡೆ ಇದೆ ಎನ್ನಿ. ಅಲ್ಲಿ ಜಾಗದ ಒಂದೂವರೆ ಪಟ್ಟು ಕಟ್ಟಲು ನಿಯಮ ಬಿಡುತ್ತದೆ ಎನ್ನಿ. ಆಗ 6,000 ಚದರಡಿ ಕಟ್ಟಬಹುದು. ವಾಡೆ ಇರುವುದು 2,500. ಉಳಿದ 3,500 ಚದರಡಿ ಕಟ್ಟುವ ಹಕ್ಕನ್ನು ಯಜಮಾನ ಪ್ರಮಾಣಪತ್ರವಾಗಿ ಪಡೆದು ಬೇರೆಡೆ ಕಟ್ಟುವ ಬಿಲ್ಡರಿಗೆ ಮಾರುತ್ತಾನೆ. ದುಡ್ಡು ಬರುತ್ತದೆ, ವಾಡೆ ಉಳಿಯುತ್ತದೆ. ಆದರೆ ಆ ಜಾಗದಲ್ಲಿ ಮುಂದೆ ಮೊಮ್ಮಕ್ಕಳೂ ಹೆಚ್ಚು ಕಟ್ಟುವಂತಿಲ್ಲ. ಆದ್ದರಿಂದ ಹಿಸ್ಸೆದಾರರೆಲ್ಲರ ಸಹಿ ಬೇಕು, ನೋಂದಾಯಿತ ಪತ್ರದಲ್ಲಿ ಅದು ದಾಖಲಾಗಬೇಕು. ನ್ಯೂಯಾರ್ಕ್ 1968ರಲ್ಲೇ ಈ ದಾರಿ ಹಿಡಿಯಿತು. ಮುಂಬಯಿ 1995ರಲ್ಲಿ ಪಾರಂಪರಿಕ ಕಟ್ಟಡಗಳಿಗೆ ಅನ್ವಯಿಸಿತು.

ಆದರೆ ಅದನ್ನೇ ಇಲ್ಲಿ ನಕಲು ಮಾಡಿದರೆ ಕಾಗದ ಉಳಿದೀತು, ವಾಡೆ ಉಳಿಯದು! ಮುಂಬಯಿಯಲ್ಲಿ ಜಾಗಕ್ಕೆ ಬರ, ಆದ್ದರಿಂದ ಹಕ್ಕಿಗೆ ಬೆಲೆ. ದೇವದುರ್ಗದಲ್ಲಿ ಪಕ್ಕದ ಲೇಔಟಿನಲ್ಲಿ ಸೈಟೇ ಸಿಗುವಾಗ ಹಕ್ಕು ಕೊಳ್ಳುವವರು ಯಾರು? ಹಾಗಾಗಿ ಅದನ್ನು ರಾಯಚೂರಿನಲ್ಲಿ ಬಳಸಲು ಬಿಡಬೇಕು. ಎರಡೂ ಕಡೆಯ ಮಾರ್ಗಸೂಚಿ ಬೆಲೆ ಹೋಲಿಸಿ ಲೆಕ್ಕ ಹಾಕಬೇಕು. ದೇವದುರ್ಗದಲ್ಲಿ ಚದರಡಿಗೆ 500, ರಾಯಚೂರಿನಲ್ಲಿ 2,000 ಎಂದಿಟ್ಟುಕೊಂಡರೆ, ಅಲ್ಲಿಯ 3,500 ಇಲ್ಲಿ 875 ಚದರಡಿ ಆಗುತ್ತದೆ. ಒಂದು ಊರಿನ ಹಕ್ಕನ್ನು ಇನ್ನೊಂದು ಊರಿನ ಯೋಜನಾ ಪ್ರದೇಶ ಒಪ್ಪಿಕೊಳ್ಳುವ ನಿಯಮ ಮೊದಲು ಬೇಕು. ಇನ್ನೊಂದು ಮಾತು. ರಾಯಚೂರಿನಲ್ಲಿ ಅನುಮತಿಯಿಲ್ಲದೆ ಎದ್ದ ಮಹಡಿಯನ್ನು ಯಾರೂ ಮುಟ್ಟದಿದ್ದರೆ, ದುಡ್ಡು ಕೊಟ್ಟು ಹಕ್ಕು ಕೊಳ್ಳುವ ಮೂರ್ಖ ಯಾರು?

ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಕಲಮಿನಲ್ಲಿ ಟಿ.ಡಿ.ಆರ್. ಇದೆ. ಆದರೆ ಅದರ ಮುಖ್ಯ ಲೆಕ್ಕ ರಸ್ತೆಗೆ ಜಾಗ ಬಿಟ್ಟವನಿಗೆ, ಮನೆ ಉಳಿಸಿದವನಿಗಲ್ಲ. ಬೆಂಗಳೂರು ಅರಮನೆ ಮೈದಾನದ 15 ಎಕರೆಗೂ ಹೆಚ್ಚು ಜಾಗವನ್ನು ರಸ್ತೆಗೆ ಪಡೆದದ್ದಕ್ಕೆ ಟಿ.ಡಿ.ಆರ್. ಕೊಡಿ ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಲೆಕ್ಕ 3,000 ಕೋಟಿ ದಾಟಿತು. ರಾಜಧಾನಿಯಲ್ಲಿ ಸಾವಿರಾರು ಕೋಟಿಯ ವ್ಯಾಜ್ಯ. ಮಾನ್ವಿಯ ವಾಡೆಗೆ ಸೊನ್ನೆ! ಅದೇ ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣದ ಟಿ.ಡಿ.ಆರ್. ಅಕ್ರಮವನ್ನು 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ತನಿಖೆ ಮಾಡಿತು. ಅಳತೆ, ಮಾಲೀಕರು, ಪ್ರಮಾಣಪತ್ರ ಎಲ್ಲವೂ ಕನ್ನಡದಲ್ಲಿ, ನೋಟಿಸ್ ಬೋರ್ಡಿನಲ್ಲಿ ಇರಬೇಕು ಎನ್ನುವುದು ಅದಕ್ಕೇ.

ಸಣ್ಣ ಊರಿಗೆ ಹತ್ತಿರದ ದಾರಿ ತೆರಿಗೆ ವಿನಾಯಿತಿ. ಕೊಲ್ಕತ್ತಾದ ಪಾಲಿಕೆ ಕಾಯ್ದೆಯಲ್ಲಿ, ಪಾರಂಪರಿಕ ಕಟ್ಟಡವನ್ನು ಕಾಪಾಡುತ್ತೇನೆಂದು ಒಪ್ಪಂದ ಮಾಡಿಕೊಂಡ ಮಾಲೀಕನಿಗೆ ತೆರಿಗೆ ಬಿಡಲು ಅವಕಾಶವಿದೆ. ನಮ್ಮಲ್ಲೂ ಮಾಡಬಹುದು. ಆದರೆ ಬರೀ ತೆರಿಗೆ ಬಿಟ್ಟರೆ ಸಾಲದು. ವರ್ಷಕ್ಕೆ ಐದಾರು ಸಾವಿರ ಉಳಿದರೆ ತೊಲೆ ಬದಲಿಸಲಾಗದು. ಪುರಸಭೆ ಬಿಟ್ಟ ತೆರಿಗೆಯನ್ನು ಸರ್ಕಾರ ತುಂಬಿಕೊಡಬೇಕು, ದುರಸ್ತಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅನುದಾನ ಕೊಡಬೇಕು.

ಪ್ರತಿ ಮಳೆಗಾಲಕ್ಕೆ ಮುಂಚೆ ತಪಾಸಣೆಯೂ ನಡೆಯಬೇಕು. ಮಾಳಿಗೆಯ ನೀರು ಹೊರಹಾಕುವ ದೋಣಿ ಕಟ್ಟಿದೆಯೇ? ಗೋಡೆಯೊಳಗಿನ ತೊಲೆಯ ತುದಿಗೆ ಗೆದ್ದಲು ಹಿಡಿದಿದೆಯೇ? ಗೋಡೆ ಉಬ್ಬಿದೆಯೇ? ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದು ತೇವವನ್ನು ಒಳಗೇ ಕೂಡಿಟ್ಟಿದ್ದಾರೆಯೇ? ವಿನಾಯಿತಿ ತಿಂದು ಮನೆಯನ್ನು ಬೇಕೆಂದೇ ಸೋರಲು ಬಿಟ್ಟವನಿಂದ ಬಾಕಿಯೆಲ್ಲ ವಸೂಲಾಗಬೇಕು.

ಇದೆಲ್ಲಕ್ಕೂ ಮೊದಲು ಬೇಕಾದದ್ದು ಒಂದು ಪಟ್ಟಿ. ಯಾವ ಮನೆ ಪಾರಂಪರಿಕ ಎಂದು ಅಧಿಸೂಚನೆ ಹೊರಡದೆ ಹಕ್ಕೂ ಇಲ್ಲ, ವಿನಾಯಿತಿಯೂ ಇಲ್ಲ. ಯುವಕರೇ, ಆ ಕೆಲಸ ನಿಮ್ಮದು. ಓಣಿ ಓಣಿಗೆ ಹೋಗಿ ಯಜಮಾನರನ್ನು ಕೇಳಿ, ಅವರು ಒಪ್ಪಿದ ಮನೆಯ ಅಳತೆ, ಚಿತ್ರ ಸೇರಿಸಿ, ಅರ್ಜಿಯನ್ನು ಕನ್ನಡದಲ್ಲಿ ಬರೆದು ಪುರಸಭೆಯಲ್ಲಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹಿಂದಿರುಗಬೇಡಿ!